ಎಂಟು ರೊಟ್ಟಿ: ಸಮ್ಮೇಳನದ ಊಟಕ್ಕೊಂದು ಪತ್ರ

ಶಾಲೆಯಿಂದ ಪಾಲಕರಿಗೆ ಹೋಗುವ ಪತ್ರಗಳಲ್ಲಿ ಹೆಚ್ಚಿನವು ಏನನ್ನಾದರೂ ತಿಳಿಸುತ್ತವೆ: ಪರೀಕ್ಷೆಯ ದಿನ, ರಜೆ, ಪಾಲಕರ ಸಭೆ. ಓದಿದವರಿಗೆ ವಿಷಯ ತಿಳಿದರೆ ಅಂಥ ಪತ್ರದ ಕೆಲಸ ಮುಗಿಯಿತು. ಮನೆಯಿಂದ ಅಡುಗೆ ಮಾಡಿ ತನ್ನಿ ಎಂದು ಕೇಳುವ ಪತ್ರ ಹಾಗಲ್ಲ. ಅದು ನೇರವಾಗಿ ಅಡುಗೆಮನೆಗೆ ಹೋಗುತ್ತದೆ. ಹಿಟ್ಟಿನ ಡಬ್ಬಿಯಲ್ಲಿ ಎಷ್ಟಿದೆ, ಕೂಲಿಗೆ ಹೋಗುವ ತಾಯಿ ಎಷ್ಟು ಗಂಟೆಗೆ ಏಳಬೇಕು, ಕೊಂಡೊಯ್ದದ್ದನ್ನು ಯಾರು ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ ಎಂಬ ಪ್ರಶ್ನೆಗಳನ್ನೆಲ್ಲ ಅದು ಎಬ್ಬಿಸುತ್ತದೆ. ಅಂಥ ಪತ್ರದಲ್ಲಿ ಬರೆಯುವ ಒಂದು ಅಂಕಿ ಒಂದು ಊಟವನ್ನು ಕೂಡಿಸಲೂಬಹುದು, ಕೆಡಿಸಲೂಬಹುದು. ಶಾಲಾ ಅನುಭವದ ವಾರಗಳಲ್ಲಿ ನಾನು ಹತ್ತಿರದಿಂದ ಕಂಡ ಈ ವಿಷಯವನ್ನು ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ನನ್ನನ್ನು ಕಳಿಸಿದ್ದು ಗದಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ. ಎಂಟರಿಂದ ಹತ್ತನೇ ತರಗತಿಯವರೆಗೆ 84 ಮಕ್ಕಳು. ಅಣ್ಣ ತಂಗಿಯರು ಕೂಡಿಯೇ ಬರುವುದರಿಂದ ಮನೆಗಳ ಲೆಕ್ಕ 70. ಜನವರಿ ಕೊನೆಯ ವಾರದಲ್ಲಿ ವಾರ್ಷಿಕ ಸ್ನೇಹ ಸಮ್ಮೇಳನ. ಅಂದು ಮಧ್ಯಾಹ್ನ ಪಾಲಕರು, ಮಕ್ಕಳು, ಶಿಕ್ಷಕರು ಎಲ್ಲರೂ ಕೂಡಿ ಉಣ್ಣುವ ಪದ್ಧತಿಯನ್ನು ಶಾಲೆ ಹಿಂದಿನ ವರ್ಷವಷ್ಟೇ ಆರಂಭಿಸಿತ್ತು. ಪಟ್ಟಣದ ಶಾಲೆಗಳಲ್ಲಿ ಇದಕ್ಕೆ ಪಾಟ್‌ಲಕ್ ಎನ್ನುತ್ತಾರೆ. ನಮ್ಮ ಕಡೆ ಇದು ಹೊಸ ಮಾತಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲಿ, ಅಕ್ಕಪಕ್ಕದ ಹೊಲದವರನ್ನೂ ಕರೆದು ಉಣ್ಣುವುದು ಎಲ್ಲರಿಗೂ ಗೊತ್ತಿದೆ. ಆದರೆ ಹೊಲದ ಬುತ್ತಿಗೆ ಯಾರೂ ಪತ್ರ ಬರೆಯುವುದಿಲ್ಲ. ಶಾಲೆಯ ಬುತ್ತಿಗೆ ಪತ್ರ ಬೇಕು. ಕನ್ನಡ ವಿಷಯದ ಪ್ರಶಿಕ್ಷಣಾರ್ಥಿ ಎಂಬ ಕಾರಣಕ್ಕೆ ಈ ವರ್ಷದ ಪತ್ರದ ಕರಡನ್ನು ಸಿದ್ಧಪಡಿಸುವ ಕೆಲಸವನ್ನು ಮುಖ್ಯೋಪಾಧ್ಯಾಯರು ನನಗೆ ಕೊಟ್ಟರು. ಜೊತೆಗೆ ಹಿಂದಿನ ವರ್ಷದ ಪತ್ರವನ್ನೂ ಕೈಗಿತ್ತರು. "ಇದನ್ನು ಓದಿ. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕನ ಜೊತೆ ಮಾತಾಡಿ. ಅಲ್ಲಿಂದ ಬಂದು ಬರೀರಿ" ಎಂದರು.

ಹಿಂದಿನ ವರ್ಷದ ಪತ್ರ ನಾಲ್ಕೇ ಸಾಲಿನದು. ಅದರಲ್ಲಿ ಮುಖ್ಯವಾದ ಸಾಲು ಇದು: "ಪ್ರತಿಯೊಬ್ಬ ಪಾಲಕರೂ ಹತ್ತು ಜನರಿಗೆ ಸಾಕಾಗುವಷ್ಟು ಯಾವುದಾದರೂ ಒಂದು ಅಡುಗೆಯನ್ನು ತಪ್ಪದೆ ತರಬೇಕು." ನೋಡಲು ಇದರಲ್ಲಿ ಕೊರತೆ ಏನೂ ಕಾಣುವುದಿಲ್ಲ. ಪ್ರಮಾಣವನ್ನೂ ಹೇಳಿದೆ. ಬಿಸಿಯೂಟದ ಅಡುಗೆಯ ಅಕ್ಕನ ಬಳಿ ಕುಳಿತಾಗ ಆ ಸಾಲು ಏನು ಮಾಡಿತೆಂಬುದು ತಿಳಿಯಿತು. "ಹತ್ತು ಮಂದಿಗೆ ಅಂದ್ರ ಎಷ್ಟ್ರೀ ಟೀಚರ್? ನಮ್ಮ ಮನ್ಯಾಗ ಹತ್ತು ಮಂದಿ ಕೂಡಿ ಉಂಡದ್ದು ಮದುವ್ಯಾಗ ಅಷ್ಟ. ಎಲ್ಲಾರೂ ಚಿತ್ರಾನ್ನ ತಂದ್ರು ನೋಡ್ರಿ. ಕೈಗೆ ಹಗುರ, ರೊಕ್ಕಕ್ಕೂ ಹಗುರ. ಅರ್ಧಕ್ಕರ್ಧ ಸಂಜಿಗೆ ದನಕ್ಕ ಹಾಕಿದ್ವಿ" ಎಂದರು ಅಕ್ಕ.

ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. 70 ಮನೆಗಳಲ್ಲಿ 50 ಮನೆಯವರು ಮಾತ್ರ ತಂದರೆಂದರೂ 500 ಜನರ ಊಟ. ಬಂದವರು ಸುಮಾರು 200. ಹಂಚಿ ತಿನ್ನುವ ಊಟದಲ್ಲಿ ಪ್ರತಿ ಮನೆಯೂ ತನ್ನವರಿಗೆ ಬೇಕಾದಷ್ಟು ತಂದರೆ ಒಟ್ಟು ಲೆಕ್ಕ ತಾನಾಗಿಯೇ ಸರಿಹೋಗುತ್ತದೆ, ಏಕೆಂದರೆ ತಿನ್ನುವವರೂ ತರುವವರೂ ಅವರೇ. ಹತ್ತು ಜನರಿಗೆ ಎಂದು ಬರೆದವರು ಅತಿಥಿಗಳಿಗೆ ಕಡಿಮೆ ಬೀಳಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ಬರೆದಿರಬೇಕು. ಆದರೆ ಆ ಅಂಕಿ ಊಟವನ್ನು ಎರಡೂವರೆ ಪಟ್ಟು ಮಾಡಿತು. ಯಾವುದಾದರೂ ಒಂದು ಅಡುಗೆ ಎಂದದ್ದರಿಂದ ಎಲ್ಲವೂ ಒಂದೇ ಅಡುಗೆಯಾಯಿತು.

ಅನ್ನ ಉಳಿದದ್ದಷ್ಟೇ ತೊಂದರೆಯಲ್ಲ. ಮುಂಜಾನೆ ಐದಕ್ಕೆ ಮಾಡಿದ ಚಿತ್ರಾನ್ನವನ್ನು ಬಿಸಿಯಿದ್ದಾಗಲೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ಮಧ್ಯಾಹ್ನ ಎರಡರವರೆಗೆ ಒಂಬತ್ತು ತಾಸು. ಅಷ್ಟು ಹೊತ್ತು ಅದು ಪೂರ್ತಿ ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ಸ್ಥಿತಿಯಲ್ಲಿರುತ್ತದೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸುಪಿನಲ್ಲಿ ಸೂಕ್ಷ್ಮಜೀವಿಗಳು ಬೇಗ ಹೆಚ್ಚುತ್ತವೆ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಉಳಿದಾಗ ಅವು ಮೊಳೆತು, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಮತ್ತೆ ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ಅನ್ನ ಹಳಸಿದ್ದನ್ನು ನಮ್ಮ ತಾಯಂದಿರು ಹುಳಿ ವಾಸನೆಯಿಂದ, ಬೆರಳಿಗೆ ಬರುವ ನೂಲಿನಿಂದ ಗುರುತಿಸುತ್ತಾರೆ. ಆ ಗುರುತು ಕಂಡರೆ ಅನ್ನ ಕೆಟ್ಟಿದೆ ಎನ್ನುವುದು ಖಚಿತ. ಆದರೆ ಗುರುತು ಕಾಣದಿದ್ದ ಮಾತ್ರಕ್ಕೆ ಅನ್ನ ಸರಿಯಿದೆ ಎನ್ನಲಾಗದು. ಬಿಸಿಯೂಟವನ್ನು ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. ಒಂದೇ ಪಾತ್ರೆಯಲ್ಲಿ ಆಗತಾನೆ ಮಾಡಿದ ಅಡುಗೆಗೆ ಅದು ನಡೆಯುತ್ತದೆ. ಐವತ್ತು ಡಬ್ಬಿಗಳನ್ನು ಯಾರು ರುಚಿ ನೋಡುತ್ತಾರೆ?

ಅಕ್ಕ ಕೊನೆಯಲ್ಲಿ ಹೇಳಿದ ಮಾತು ಇನ್ನೂ ಭಾರವಾದದ್ದು. ಹಿಂದಿನ ವರ್ಷ ಡಬ್ಬಿಗಳ ಮೇಲೆ ಮಕ್ಕಳ ಹೆಸರು ಬರೆಸಿ, ಉದ್ದನೆಯ ಬೆಂಚುಗಳ ಮೇಲೆ ಸಾಲಾಗಿ ಇಟ್ಟಿದ್ದರಂತೆ. ಡಬ್ಬಿ ಅದಲು ಬದಲಾಗಬಾರದು ಎಂಬುದಕ್ಕೆ ಹೆಸರು. ಜನ ಹೆಸರು ಓದಿ ಬಡಿಸಿಕೊಂಡರು. ಸಂಜೆ ಎಂಟು ಒಂಬತ್ತು ಡಬ್ಬಿಗಳು ಮುಚ್ಚಳವನ್ನೇ ತೆಗೆಯದೆ ಬೆಂಚಿನ ಮೇಲೆ ಹಾಗೇ ಉಳಿದಿದ್ದವು. ಅವು ಯಾವ ಓಣಿಯ ಡಬ್ಬಿಗಳು ಎಂದು ನಾನು ಕೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ಊರಿನಲ್ಲಿ ಬೆಳೆದವರಿಗೆ ಅದನ್ನು ಕೇಳಬೇಕಾಗಿಲ್ಲ. ಹತ್ತು ಜನರಿಗೆಂದು ಕೈಯಿಂದ ಖರ್ಚು ಮಾಡಿ ತಂದ ಅಡುಗೆಯನ್ನು, ಒಂದು ತುತ್ತೂ ಖಾಲಿಯಾಗದ ಡಬ್ಬಿಯಲ್ಲಿ ಮನೆಗೆ ಹೊತ್ತುಕೊಂಡು ಹೋಗುವ ಹದಿನಾಲ್ಕರ ಹುಡುಗಿ ಮರುದಿನ ತರಗತಿಯಲ್ಲಿ ಎಲ್ಲರ ಜೊತೆ ಕೂರಬೇಕು. ಪತ್ರದ ಕರಡು ಭಾಷೆಯ ಅಭ್ಯಾಸವಷ್ಟೇ ಅಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಮುಖ್ಯೋಪಾಧ್ಯಾಯರ ಮೊದಲ ಸೂಚನೆ ಎಣಿಕೆಯದು. ಎಷ್ಟು ಜನ ಬರುತ್ತಾರೆಂದು ತಿಳಿಯದೆ ಯಾವ ಪ್ರಮಾಣವನ್ನೂ ಬರೆಯುವಂತಿಲ್ಲ. ಆದ್ದರಿಂದ ಪತ್ರಕ್ಕಿಂತ ಹದಿನೈದು ದಿನ ಮೊದಲು ಅಂಗೈಯಗಲದ ಒಂದು ಚೀಟಿ ಮನೆಗಳಿಗೆ ಹೋಯಿತು. ಅದರಲ್ಲಿ ಎರಡೇ ಪ್ರಶ್ನೆ. ಮಕ್ಕಳನ್ನೂ ಸೇರಿಸಿ ನಿಮ್ಮ ಮನೆಯಿಂದ ಊಟಕ್ಕೆ ಎಷ್ಟು ಜನ ಬರುತ್ತೀರಿ? ರೊಟ್ಟಿ, ಚಟ್ನಿ ಪುಡಿ, ಕೈಗೆಲಸ, ಈ ಮೂರರಲ್ಲಿ ನಿಮಗೆ ಅನುಕೂಲವಾದದ್ದು ಯಾವುದು? ಬಂದ ಚೀಟಿಗಳನ್ನು ಗಣಿತ ಶಿಕ್ಷಕರು ಒಂಬತ್ತನೇ ತರಗತಿಯ ಮಕ್ಕಳಿಗೇ ಕೊಟ್ಟು, ಅಂಕಿಅಂಶಗಳ ಪಾಠಕ್ಕೆ ಬಳಸಿಕೊಂಡರು. 84 ಮಕ್ಕಳು, 118 ಹಿರಿಯರು, ಕೂಡಿ 202. ಶಿಕ್ಷಕರು, ಅಡುಗೆಯವರು, ಅತಿಥಿಗಳು 18. ಒಟ್ಟು 220 ಎಲೆ. ಒಂದು ಮನೆಯಿಂದ ಸರಾಸರಿ ಮೂವರಿಗೆ ಕೊಂಚ ಕಡಿಮೆ. ಹತ್ತು ಎಲ್ಲಿ, ಮೂರು ಎಲ್ಲಿ!

ಎರಡನೆಯ ತೀರ್ಮಾನ, ಮನೆಯಿಂದ ಏನು ಬರಬೇಕು, ಏನು ಬರಬಾರದು ಎಂಬುದು. ಅನ್ನ, ಸಾರು, ಪಲ್ಯ ಇವು ಬಿಸಿಯಾಗಿಯೇ ಉಣ್ಣಬೇಕಾದವು, ಹೊತ್ತು ಕಳೆದರೆ ಕೆಡುವಂಥವು. ಅವನ್ನು ಶಾಲೆಯಲ್ಲೇ ಮಾಡುವುದೆಂದಾಯಿತು. ಪ್ರತಿ ಮನೆಯಿಂದ ಒಂದೊಂದು ಪಾವು ಅಕ್ಕಿ ಕೂಡಿಸಿದರಾಗದೆ ಎಂದು ಒಬ್ಬ ಶಿಕ್ಷಕರು ಕೇಳಿದರು. ಅಡುಗೆಯ ಅಕ್ಕ ಒಪ್ಪಲಿಲ್ಲ. ಒಂದು ಮನೆಯದು ರೇಷನ್ ಅಕ್ಕಿ, ಇನ್ನೊಂದು ಮನೆಯದು ಹಳೆಯ ಸೋನಾ ಮಸೂರಿ, ಮತ್ತೊಂದರದು ಹೊಸ ಅಕ್ಕಿ. ಒಂದೊಂದು ಕುಡಿಯುವ ನೀರು ಬೇರೆ, ಬೇಯುವ ಹೊತ್ತು ಬೇರೆ. ಕೂಡಿಸಿ ಹಾಕಿದರೆ ಒಂದು ಮುದ್ದೆಯಾಗುತ್ತದೆ, ಇನ್ನೊಂದು ನಡುವೆ ಕಾಳಾಗಿಯೇ ಉಳಿಯುತ್ತದೆ. ಬಿಸಿಯೂಟದ ದಾಸ್ತಾನನ್ನು ಹಿರಿಯರ ಊಟಕ್ಕೆ ಮುಟ್ಟುವಂತಿಲ್ಲ. ಅದರ ಲೆಕ್ಕ ಮಕ್ಕಳ ಹಾಜರಿಯ ಮೇಲೆ ನಡೆಯುತ್ತದೆ. ಹಾಗಾಗಿ ಅಕ್ಕಿ, ಬೇಳೆ, ತರಕಾರಿಯ ಖರ್ಚನ್ನು ಎಸ್‌ಡಿಎಂಸಿ ಸದಸ್ಯರು ವಹಿಸಿಕೊಂಡರು.

ಅಕ್ಕಿ ಎಷ್ಟು ಬೇಕೆಂಬುದಕ್ಕೆ ಮಾತ್ರ ಬಿಸಿಯೂಟದ ಅಳತೆಯೇ ದಾರಿ ತೋರಿಸಿತು. ಹಿರಿಯ ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ ಎಂಬುದು ಆ ಯೋಜನೆಯ ಪ್ರಮಾಣ. ಅದು ಅನ್ನವೇ ಮುಖ್ಯವಾದ ಊಟಕ್ಕೆ. ಇಲ್ಲಿ ಅನ್ನಕ್ಕೆ ಮೊದಲು ಎರಡು ರೊಟ್ಟಿ ಇರುವುದರಿಂದ ಅದರ ಅರ್ಧ, ಎಂದರೆ 75 ಗ್ರಾಂ, ಸಾಕು. 220 ಜನರಿಗೆ ಹದಿನಾರೂವರೆ ಕಿಲೋ. ಅಕ್ಕ ಇದನ್ನು ಹದಿನೇಳು ಮಾಡಿದರು. "ಅರ್ಧ ಕಿಲೋ ತಳ ಹಿಡಿಯೂದಕ್ಕ ಇರಲಿ" ಎಂಬುದು ಅವರ ಲೆಕ್ಕ.

ಮನೆಯಿಂದ ಬರಬೇಕಾದದ್ದು ಖಡಕ್ ರೊಟ್ಟಿ ಎಂದು ನಿರ್ಧಾರವಾದುದಕ್ಕೆ ಮೂರು ಕಾರಣಗಳಿದ್ದವು. ಮೊದಲನೆಯದು, ಅದರಲ್ಲಿ ನೀರಿನ ಪಸೆ ಇರುವುದಿಲ್ಲ. ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ಹೀಗಾಗಿ ಸಮ್ಮೇಳನದ ದಿನ ಯಾವ ತಾಯಿಯೂ ನಸುಕಿನಲ್ಲಿ ಏಳಬೇಕಾಗಿಲ್ಲ, ಹಿಂದಿನ ಸಂಜೆಯೇ ಬಡಿದಿಡಬಹುದು. ಎರಡನೆಯದು, ಅದು ಎಲ್ಲ ಮನೆಗಳಲ್ಲೂ ಆಗುವ ಅಡುಗೆ. ಹಿಂಗಾರಿ ಜೋಳ ಇನ್ನೂ ಹೊಲದಲ್ಲಿರುವ ಕಾಲವಾದರೂ ಅರ್ಧ ಕಿಲೋ ಹಿಟ್ಟು ಇಲ್ಲದ ಮನೆ ಕಡಿಮೆ. ಶೇಂಗಾ ಸುಗ್ಗಿ ಮುಗಿದಿರುವುದರಿಂದ ಚಟ್ನಿ ಪುಡಿಯೂ ಹೊರೆಯಲ್ಲ. ಮೂರನೆಯ ಕಾರಣವನ್ನು ಮುಖ್ಯೋಪಾಧ್ಯಾಯರು ಸಭೆಯಲ್ಲಿ ಹೇಳಲಿಲ್ಲ, ನನಗೆ ಮಾತ್ರ ಹೇಳಿದರು: "ಚಿತ್ರಾನ್ನಕ್ಕ ಡಬ್ಬಿ ಬೇಕು, ಡಬ್ಬಿಗೆ ಹೆಸರು ಬೇಕು. ರೊಟ್ಟಿಗೆ ಬಟ್ಟಿ ಸಾಕು. ಎಣಿಸಿ ಬುಟ್ಟಿಗೆ ಹಾಕಿ ಬಟ್ಟಿ ಅಲ್ಲೇ ತಿರುಗಿ ಕೊಟ್ರ ಆಯ್ತು. ಬುಟ್ಟಿಗೆ ಬಿದ್ದ ಮ್ಯಾಲ ಯಾರ ಮನಿ ರೊಟ್ಟಿ ಅಂತ ಯಾರು ಹೇಳ್ತಾರ?"

ಇನ್ನು ಎಷ್ಟು ರೊಟ್ಟಿ ಎಂಬುದು. ತಲೆಗೆ ಎರಡರಂತೆ 220 ಜನರಿಗೆ 440. ಚೀಟಿಗಳಲ್ಲಿ ರೊಟ್ಟಿ ಎಂದು ಬರೆದ ಮನೆಗಳು 55. ಭಾಗಿಸಿದರೆ ಮನೆಗೆ ಎಂಟು. ತನ್ನ ಮನೆಯ ಮೂವರ ಪಾಲು ಆರು, ರೊಟ್ಟಿ ತಾರದವರಿಗೂ ಅತಿಥಿಗಳಿಗೂ ಎರಡು ಎಂದು ಮಕ್ಕಳು ಅದನ್ನು ಬಿಡಿಸಿ ಹೇಳಿದರು. ನನಗೆ ಈ ವಿವರಣೆ ಭಾಗಾಕಾರಕ್ಕಿಂತ ಹೆಚ್ಚು ಇಷ್ಟವಾಯಿತು. ಚಟ್ನಿ ಪುಡಿ ತಲೆಗೆ ಒಂದು ಚಮಚ, ಸುಮಾರು 10 ಗ್ರಾಂ. 220 ಜನರಿಗೆ ಎರಡು ಕಿಲೋ 200 ಗ್ರಾಂ. ಒಂಬತ್ತು ಮನೆಗಳು ಚಟ್ನಿ ಎಂದಿದ್ದವು. ಮನೆಗೆ ಕಾಲು ಕಿಲೋ ಎಂದರೆ ಸರಿಹೋಯಿತು. ಉಳಿದ ಆರು ಮನೆಗಳವರು ಕೈಗೆಲಸಕ್ಕೆ ಬರುವವರು.

ಈ ಅಂಕಿಗಳನ್ನು ಪತ್ರದಲ್ಲಿ ಯಾವ ಅಳತೆಯಲ್ಲಿ ಬರೆಯಬೇಕೆಂಬುದೂ ಚರ್ಚೆಗೆ ಬಂತು. ಹಳ್ಳಿಯಲ್ಲಿ ಇಂದಿಗೂ ಧಾನ್ಯ ಅಳೆಯುವುದು ಸೇರಿನಲ್ಲಿ. ಆದರೆ ಸೇರು ತೂಕವಲ್ಲ, ಪಾತ್ರೆ. ಮನೆಯಿಂದ ಮನೆಗೆ ಪಾತ್ರೆ ಬೇರೆ, ತಲೆಗಟ್ಟಿ ಅಳೆಯುವವರ ಕೈ ಬೇರೆ. ಕಿಲೋ ಎಂದರೆ ಅಂಗಡಿಯಲ್ಲಿ ಸ್ಪಷ್ಟ, ಮನೆಯಲ್ಲಿ ತಕ್ಕಡಿ ಇಲ್ಲ. ಬರೀ ಎಂಟು ರೊಟ್ಟಿ ಎಂದರೆ ಒಬ್ಬರದು ತಾಟಿನಗಲ, ಇನ್ನೊಬ್ಬರದು ಅಂಗೈಯಗಲ. ಕೊನೆಗೆ ಎರಡನ್ನೂ ಜೊತೆಗೆ ಬರೆದೆವು: ಎಂಟು ರೊಟ್ಟಿ, ಅರ್ಧ ಕಿಲೋ ಹಿಟ್ಟಿನವು. ಒಂದು ಕಿಲೋ ಜೋಳದ ಹಿಟ್ಟಿಗೆ ಕೈಯ ಅಳತೆ ನೋಡಿ ಹದಿನೈದರಿಂದ ಹದಿನೆಂಟು ರೊಟ್ಟಿ ಆಗುತ್ತವೆ. ಆದ್ದರಿಂದ ಎರಡು ಅಳತೆಗಳೂ ಒಂದನ್ನೊಂದು ಸರಿನೋಡುತ್ತವೆ. ಎಣಿಕೆ ತಪ್ಪಿದವರು ಹಿಟ್ಟಿನಿಂದ ತಿಳಿಯುತ್ತಾರೆ, ಹಿಟ್ಟು ತೂಗಲಾಗದವರು ಎಣಿಸುತ್ತಾರೆ.

ಕರಡನ್ನು ಅಂತಿಮಗೊಳಿಸುವ ಮೊದಲು ಅದನ್ನು ನನ್ನ ಅಭ್ಯಾಸ ಪಾಠಕ್ಕೆ ತೆಗೆದುಕೊಂಡೆ. ಒಂಬತ್ತನೇ ತರಗತಿಗೆ ಪತ್ರಲೇಖನದ ಘಟಕವಿತ್ತು. ಒಕ್ಕಣೆ, ಒಡಲು, ಸಹಿ ಎಂದು ಭಾಗಗಳನ್ನು ಹೇಳಿಕೊಟ್ಟು ಬಿಡುವ ಬದಲು ಹಿಂದಿನ ವರ್ಷದ ಪತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ಒಂದೇ ಪ್ರಶ್ನೆ ಕೇಳಿದೆ: "ಈ ಪತ್ರವನ್ನು ಮನೆಯಲ್ಲಿ ನೀವು ಓದಿ ಹೇಳಿದಾಗ ನಿಮ್ಮ ಅವ್ವ ಏನು ಕೇಳುತ್ತಾಳೆ?" ಈ ಪ್ರಶ್ನೆಗೆ ಅರ್ಥವಿದೆ. ಅನೇಕ ಮನೆಗಳಲ್ಲಿ ಶಾಲೆಯ ಪತ್ರವನ್ನು ಓದುವವರು ಮಕ್ಕಳೇ. ಪತ್ರ ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಹೋಗುತ್ತದೆ. ಮಕ್ಕಳಿಗೆ ಉತ್ತರಕ್ಕಾಗಿ ಯೋಚಿಸಬೇಕಾಗಲೇ ಇಲ್ಲ. ಎಷ್ಟು ಮಾಡ್ಲಿ? ಯಾವಾಗ ಮಾಡ್ಲಿ? ಯಾವುದ್ರಾಗ ಕಟ್ಲಿ? ಡಬ್ಬಿ ತಿರುಗಿ ಬರತೈತೇನು? ಆಗಲಿಲ್ಲ ಅಂದ್ರ ಏನಂತಾರ? ಹಲಗೆಯ ಮೇಲೆ ಐದು ಪ್ರಶ್ನೆಗಳು ನಿಂತವು. ಹಿಂದಿನ ಪತ್ರ ಅವುಗಳಲ್ಲಿ ಒಂದಕ್ಕೂ ಪೂರ್ಣ ಉತ್ತರ ಕೊಟ್ಟಿರಲಿಲ್ಲ. ಹೊಸ ಪತ್ರವನ್ನು ಆ ಐದು ಪ್ರಶ್ನೆಗಳ ಉತ್ತರವಾಗಿಯೇ ಕಟ್ಟಿದೆವು. ಮುಖ್ಯೋಪಾಧ್ಯಾಯರು ಕೆಲವು ಮಾತು ತಿದ್ದಿ ಸಹಿ ಹಾಕಿದರು. ಅದು ಹೀಗಿತ್ತು:

"ಮಾನ್ಯ ಪಾಲಕರೆ,

ನಮ್ಮ ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನ ಬರುವ ಭಾನುವಾರ ಮುಂಜಾನೆ 10 ಗಂಟೆಗೆ ಇದೆ. ಮಧ್ಯಾಹ್ನ 1 ಗಂಟೆಗೆ ಎಲ್ಲರೂ ಕೂಡಿ ಊಟ ಮಾಡೋಣ. ಅನ್ನ, ಸಾರು, ಬದನೆಕಾಯಿ ಪಲ್ಯ ಶಾಲೆಯಲ್ಲಿ ಆಗುತ್ತವೆ. ರೊಟ್ಟಿ, ಚಟ್ನಿ ನಿಮ್ಮ ಮನೆಗಳಿಂದ ಬರಲಿ.

ನಿಮ್ಮ ಮನೆಯ ಪಾಲು: ........

ರೊಟ್ಟಿ ಎಂದಿದ್ದರೆ, ಜೋಳದ ಅಥವಾ ಸಜ್ಜೆಯ ಖಡಕ್ ರೊಟ್ಟಿ ಎಂಟು, ಅರ್ಧ ಕಿಲೋ ಹಿಟ್ಟಿನವು. ಶನಿವಾರವೇ ಮಾಡಿಡಬಹುದು. ಬಟ್ಟೆಯಲ್ಲಿ ಕಟ್ಟಿ ತನ್ನಿ, ಬಟ್ಟೆಯನ್ನು ಅಲ್ಲೇ ತಿರುಗಿ ಕೊಡುತ್ತೇವೆ.

ಚಟ್ನಿ ಎಂದಿದ್ದರೆ, ಶೇಂಗಾ ಅಥವಾ ಗುರೆಳ್ಳು ಚಟ್ನಿ ಪುಡಿ ಕಾಲು ಕಿಲೋ. ನೀರು ಹಾಕಿ ರುಬ್ಬಿದ ಚಟ್ನಿ ಬೇಡ. ಕಾಗದದ ಪೊಟ್ಟಣದಲ್ಲಿ ಕಟ್ಟಿ ತನ್ನಿ.

ಕೈಗೆಲಸ ಎಂದಿದ್ದರೆ, ಮನೆಯಿಂದ ಒಬ್ಬರು ಮುಂಜಾನೆ 8 ಗಂಟೆಗೆ ಬನ್ನಿ.

ಇದಕ್ಕಿಂತ ಹೆಚ್ಚು ತರಬೇಡಿ. ತರಲು ಆಗದಿದ್ದರೆ ಕಾರಣ ಹೇಳಬೇಕಾಗಿಲ್ಲ. ಊಟಕ್ಕೆ ತಪ್ಪದೆ ಬನ್ನಿ."

ಇದರಲ್ಲಿ ಎರಡು ವಾಕ್ಯಗಳ ಬಗ್ಗೆ ಹೇಳಬೇಕು. "ತಪ್ಪದೆ" ಎಂಬ ಮಾತು ಹಿಂದಿನ ಪತ್ರದಲ್ಲಿ ಅಡುಗೆ ತರುವುದಕ್ಕೆ ಅಂಟಿತ್ತು. ಈ ಪತ್ರದಲ್ಲಿ ಅದನ್ನು ಊಟಕ್ಕೆ ಬರುವುದಕ್ಕೆ ಅಂಟಿಸಿದರು. ಇದು ಬರೀ ಸೌಜನ್ಯವಲ್ಲ. ಎಂಟನೇ ತರಗತಿಯವರೆಗಿನ ಮಗುವಿನಿಂದ ಓದಿಗೆ ಅಡ್ಡಿಯಾಗುವಂಥ ಯಾವ ಶುಲ್ಕವನ್ನೂ ಕೇಳಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅಡುಗೆಯ ರೂಪದಲ್ಲಿ ಕೇಳಿದರೂ ಬಡ ಮನೆಗೆ ಅದು ಖರ್ಚೇ, ಕಡ್ಡಾಯ ಮಾಡಿದರೆ ಸಮ್ಮೇಳನದ ದಿನ ಮಗು ಮನೆಯಲ್ಲೇ ಉಳಿಯುತ್ತದೆ. ಎರಡನೆಯದು "ಇದಕ್ಕಿಂತ ಹೆಚ್ಚು ತರಬೇಡಿ" ಎಂಬ ವಾಕ್ಯ. ಕಡಿಮೆ ತರಬೇಡಿ ಎಂದು ಕೇಳುವ ಪತ್ರಗಳನ್ನು ನಾವು ಕಂಡಿದ್ದೇವೆ. ಹೆಚ್ಚು ತರಬೇಡಿ ಎಂದಾಗ ಉಳ್ಳವರ ಮನೆಯ ಹೋಳಿಗೆ, ತುಪ್ಪದ ಡಬ್ಬಿಗಳು ಹೊರಗುಳಿಯುತ್ತವೆ. ಅವುಗಳ ಪಕ್ಕದಲ್ಲಿ ಎಂಟು ರೊಟ್ಟಿಗಳು ಸಣ್ಣದಾಗಿ ಕಾಣುವುದೂ ತಪ್ಪುತ್ತದೆ. ಕೈಗೆಲಸದ ಆಯ್ಕೆಯೂ ಬಡವರ ಗುರುತಾಗಿಬಿಡುವ ಅಪಾಯವಿತ್ತು. ಚೀಟಿ ಹಂಚಿದ ದಿನವೇ ಎಸ್‌ಡಿಎಂಸಿ ಅಧ್ಯಕ್ಷರು ತಮ್ಮ ಮನೆಯ ಚೀಟಿಯಲ್ಲಿ ಕೈಗೆಲಸ ಎಂದು ಬರೆದು, ಅದನ್ನು ಎಲ್ಲರಿಗೂ ಹೇಳಿದರು. ಆ ದಿನ ಬದನೆಕಾಯಿ ಹೆಚ್ಚಿದ್ದೂ ಅವರೇ.

ಭಾನುವಾರ ಶಾಲೆಯ ಬಾಗಿಲಲ್ಲಿ ಹತ್ತನೇ ತರಗತಿಯ ನಾಲ್ವರು ಮಕ್ಕಳು ಬಿಳಿ ಬಟ್ಟೆ ಹಾಸಿದ ಎರಡು ದೊಡ್ಡ ಬುಟ್ಟಿಗಳನ್ನಿಟ್ಟುಕೊಂಡು ಕುಳಿತರು. ರೊಟ್ಟಿಯ ಗಂಟು ಬಿಚ್ಚುವುದು, ಎಣಿಸದೆಯೇ ಬುಟ್ಟಿಗೆ ಇಳಿಸುವುದು, ಬಟ್ಟೆ ಮಡಚಿ ಕೈಗೆ ಕೊಡುವುದು. ಬಾಗಿಲಲ್ಲಿ ಎಣಿಸಬಾರದು, ಎಣಿಸಿದರೆ ಆರು ತಂದವರಿಗೆ ಮುಜುಗರ ಎಂದು ಕೊನೆಯ ಗಳಿಗೆಯಲ್ಲಿ ಸೂಚಿಸಿದ್ದು ಗಣಿತ ಶಿಕ್ಷಕರು. ಎಲ್ಲರೂ ಬಂದ ಮೇಲೆ ಬುಟ್ಟಿಗಳಲ್ಲಿ ಎಣಿಸಿದೆವು: 423. ನಮ್ಮ ಲೆಕ್ಕಕ್ಕಿಂತ ಹದಿನೇಳು ಕಡಿಮೆ. ಊಟಕ್ಕೆ ಬಂದವರೂ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಇದ್ದರು. ಕೊನೆಗೆ ಬುಟ್ಟಿಯ ತಳದಲ್ಲಿ ಮೂವತ್ತರ ಮೇಲೆ ರೊಟ್ಟಿ ಉಳಿದವು. ಖಡಕ್ ರೊಟ್ಟಿಯಾದ್ದರಿಂದ ಅವು ಸೋಮವಾರ ಮಕ್ಕಳ ಕೈಗೆ ಹೋದವು, ದನದ ಬಾಯಿಗಲ್ಲ. ಚಟ್ನಿ ಪುಡಿ ಮಾತ್ರ ಸಾಲಲಿಲ್ಲ. ಒಂದು ಚಮಚದಲ್ಲಿ ನಿಲ್ಲುವವರು ನಮ್ಮ ಊರಿನಲ್ಲಿ ಇಲ್ಲ. ಮುಂದಿನ ವರ್ಷಕ್ಕೆ ತಲೆಗೆ 15 ಗ್ರಾಂ ಹಿಡಿಯಬೇಕೆಂದು ಅಕ್ಕ ಬರೆಸಿದರು.

ಪತ್ರ ಮಾಡಲಾಗದ್ದೂ ಇದೆ. ಪಂಕ್ತಿಯಲ್ಲಿ ಕುಳಿತ ಹಿರಿಯರೊಬ್ಬರು ಬುಟ್ಟಿ ಎದುರಿಗೆ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಹಲ್ಲಿಲ್ಲ, ಅನ್ನವೇ ಸಾಕು ಎಂದರು. ಹಲ್ಲಿನ ಕಾರಣವೇ ಇರಬಹುದು. ಅವರ ಪಕ್ಕದಲ್ಲಿ ಇನ್ನಿಬ್ಬರು ಅದೇ ಮಾತು ಹೇಳಿದರು, ಅವರಿಗೆ ಹಲ್ಲು ಇದ್ದವು. ಯಾರೂ ಏನೂ ಅನ್ನಲಿಲ್ಲ. ಬುಟ್ಟಿ ಹಿಡಿದಿದ್ದ ಹುಡುಗ ಮುಂದಿನ ಎಲೆಗೆ ಹೋದ. ಎಂಟು ರೊಟ್ಟಿ ಎಂದು ಬರೆದ ಮಾತ್ರಕ್ಕೆ ಊರಿನ ಓಣಿಗಳ ನಡುವಿನ ಗೆರೆ ಅಳಿಸಿಹೋಗುವುದಿಲ್ಲ. ಆದರೆ ಹಿಂದಿನ ವರ್ಷ ಗೆರೆ ಬಿದ್ದದ್ದು ಡಬ್ಬಿ ತಂದ ಮಗುವಿನ ಮೇಲೆ. ಈ ವರ್ಷ ಬೇಡ ಎಂದವರು ಇಡೀ ಬುಟ್ಟಿಯನ್ನೇ ಬೇಡ ಎನ್ನಬೇಕಾಯಿತು, ಅದರಲ್ಲಿ ಅವರ ಮನೆಯ ರೊಟ್ಟಿಯೂ ಇತ್ತು. ಯಾವ ಮಗುವೂ ತುಂಬಿದ ಡಬ್ಬಿ ಹೊತ್ತು ಮನೆಗೆ ಹೋಗಲಿಲ್ಲ.

ಶಾಲೆಗೆ ಹೋಗುವ ಮುಂದಿನ ತಂಡದವರಿಗೆ ಇಂಥ ಪತ್ರ ಬರೆಯುವ ಕೆಲಸ ಬರಬಹುದು. ರೊಟ್ಟಿಯ ಬದಲು ಮುದ್ದೆಯ ಊರಿರಬಹುದು, ಕಡುಬಿನ ಊರಿರಬಹುದು. ಅಂಕಿಗಳು ಅಲ್ಲಿ ಬೇರೆಯಾಗುತ್ತವೆ. ಮುದ್ದೆಯನ್ನಂತೂ ಹಿಂದಿನ ದಿನ ಮಾಡಿಡಲಾಗದು, ಆಗ ಮನೆಯಿಂದ ಏನು ಬರಬೇಕೆಂಬುದನ್ನು ಮೊದಲಿನಿಂದ ಯೋಚಿಸಬೇಕು. ನಮ್ಮ ಶಾಲೆಯ ಲೆಕ್ಕದ ಹಾಳೆ, ಎರಡೂ ವರ್ಷದ ಪತ್ರಗಳು, ಮಕ್ಕಳ ಐದು ಪ್ರಶ್ನೆಗಳು ಮುಖ್ಯೋಪಾಧ್ಯಾಯರ ಕೋಣೆಯ ಸಮ್ಮೇಳನದ ಕಡತದಲ್ಲಿವೆ. ಕಡತದ ಮೊದಲ ಹಾಳೆಯ ಮೇಲೆ ಅವರು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ಮೊದಲು ಎಣಿಸಿ, ಆಮೇಲೆ ಕೇಳಿ. ಅದರ ಕೆಳಗೆ, ಬೇರೆ ಕೈಬರಹದಲ್ಲಿ: ಚಟ್ನಿ 15 ಗ್ರಾಂ.